ಒಂದು ಪುಸ್ತಕ ಅಂದರೆ ನಾಲ್ಕು ಪುಸ್ತಕ

ಹೇಳುವ ನನಗೇ ನಾಚಿಕೆಯಿಲ್ಲ, ಕೇಳುವ ನಿಮಗೆ ಯಾಕೆ ಸಂಕೋಚ? ಹತ್ತಿರ ಬನ್ನಿ, ಹೇಳುತ್ತೇನೆ.

ನಾನು ಬೋರ್ಡು ಬರೆಯುವವನು. ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರೆ ನನ್ನ ಮೂವತ್ತು ವರ್ಷವನ್ನು ನೀವು ತಲೆ ಎತ್ತಿ ಓದಿಕೊಂಡೇ ಹೋಗಬಹುದು. ಔಷಧಿ ಅಂಗಡಿ, ಬೀಗ ರಿಪೇರಿ, ಕನ್ನಡಕದಂಗಡಿ, ಹಲ್ಲಿನ ಡಾಕ್ಟರು. ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ಒಂದು ದೊಡ್ಡ ಹಲ್ಲು ಬರೆದು, ಅದಕ್ಕೆ ಕಣ್ಣು ಬಾಯಿ ಇಟ್ಟು ನಗಿಸಿದ್ದೆ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನಗುವ ಬಾಯೊಳಗೆ ಎರಡು ಸಾಲು ಪುಟ್ಟ ಹಲ್ಲನ್ನೂ ಕೂರಿಸಿದೆ. "ಆ ಹಲ್ಲಿಗೆ ಹಲ್ಲುನೋವು ಬಂದ್ರೆ ಅದು ಯಾರ ಹತ್ರ ಹೋಗ್ಬೇಕಪ್ಪಾ?" ಎಂದು ಡಾಕ್ಟರು ಕೇಳಿದರು. ಅವರಿಗೆ ಕಲೆಯ ಗಂಧವಿಲ್ಲ ಎಂದುಕೊಂಡು ಮನೆಗೆ ಬಂದೆ. ಯಾರಾದರೂ ನನ್ನ ತಪ್ಪು ತೋರಿಸಿದರೆ ಅವರಿಗೆ ಕಲೆಯ ಗಂಧವಿಲ್ಲ ಎಂದುಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಈ ಲೆಕ್ಕದಲ್ಲಿ ನಮ್ಮ ಊರಿನಲ್ಲಿ ಗಂಧವಿದ್ದದ್ದು ನನಗೊಬ್ಬನಿಗೇ.

ನನಗೆ ಕುಂಚ ಹಿಡಿಯಲು ಕಲಿಸಿದ ಗುರುಗಳು ಎರಡು ಮಾತು ಹೇಳಿದ್ದರು. ಬೋರ್ಡಿನಲ್ಲಿ ಜಾಗ ಖಾಲಿ ಬಿಡಬೇಡ. ಅಕ್ಷರ ಕಮ್ಮಿಯಿದ್ದರೆ ಅಗಲಿಸು, ಜಾಸ್ತಿಯಿದ್ದರೆ ಒತ್ತು, ಎರಡೂ ತುದಿ ಅಂಚಿಗೆ ಮುಟ್ಟಲಿ. ಇದು ಮೊದಲನೆಯದು. ಒಮ್ಮೆ ಬರೆದದ್ದನ್ನು ಮತ್ತೆ ಹಾಗೆಯೇ ಬರೆಯಬೇಡ, ಕೈ ಜಡವಾಗುತ್ತದೆ. ಇದು ಎರಡನೆಯದು. ಮೂರನೆಯದನ್ನು ನಾನೇ ಸೇರಿಸಿಕೊಂಡಿದ್ದೆ. ರಟ್ಟಿನಲ್ಲಿ ಆಕಾರ ಕೊರೆದು, ಅದರ ಮೇಲೆ ಬಣ್ಣ ಒತ್ತಿ ಹತ್ತು ಕಡೆ ಒಂದೇ ಚಿತ್ರ ಮೂಡಿಸುತ್ತಾರಲ್ಲ, ಸ್ಟೆನ್ಸಿಲ್ ಅಂತ, ಅದನ್ನು ನಾನು ಸಾಯುವವರೆಗೂ ಮುಟ್ಟುವವನಲ್ಲ. ಕಂಡಕಂಡವರ ಮುಂದೆ ಎದೆ ತಟ್ಟಿಕೊಂಡು ಹೇಳುತ್ತಿದ್ದ ಮಾತು ಅದು.

ಇಂಥ ನನಗೆ ಒಬ್ಬ ಅಕ್ಕ. ಇಪ್ಪತ್ತೆಂಟು ವರ್ಷದಿಂದ ಮೂರನೇ ತರಗತಿಯ ಟೀಚರು. ಅವಳ ಮನೆಯಲ್ಲಿ ಬೆಂಕಿಪೊಟ್ಟಣ ಖಾಲಿಯಾದರೂ ಬಿಸಾಡುವಂತಿಲ್ಲ. ಕಡ್ಡಿ ಕೂಡುವ ಲೆಕ್ಕಕ್ಕೆ, ಪೊಟ್ಟಣ ಹತ್ತರ ಲೆಕ್ಕಕ್ಕೆ. ಒಂದು ದಿನ ಸಂಜೆ ನಮ್ಮ ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆ ಹಾಸಿದಳು.

"ಲೋ, ಒಂದು ಕೆಲಸ ಮಾಡಿಕೊಡ್ತೀಯಾ? ಕೂಲಿ ಗೀಲಿ ಕೇಳಬೇಡ."

ಹಾಳೆಯಲ್ಲಿ ಪೆನ್ಸಿಲಿನಿಂದ ಐದು ಸಾಲು. ಸೋಮವಾರದಿಂದ ಶುಕ್ರವಾರದವರೆಗೆ. ಒಂದೊಂದು ದಿನದ ಮುಂದೆ ಒಂದಷ್ಟು ಚೌಕ. ಶಾಲೆಯ ಗ್ರಂಥಾಲಯದಿಂದ ಮಕ್ಕಳು ಯಾವ ದಿನ ಎಷ್ಟು ಪುಸ್ತಕ ಒಯ್ದರು ಅನ್ನುವ ಚಿತ್ರನಕ್ಷೆಯಂತೆ. ಸೋಮವಾರ ಇಪ್ಪತ್ತು, ಮಂಗಳವಾರ ಹನ್ನೆರಡು, ಬುಧವಾರ ಎಂಟು, ಗುರುವಾರ ಹದಿನಾರು, ಶುಕ್ರವಾರ ಹತ್ತು.

"ಇಪ್ಪತ್ತಕ್ಕೆ ಐದೇ ಚೌಕ ಹಾಕಿದ್ದೀಯಲ್ಲಕ್ಕ, ಸುಸ್ತಾಯ್ತಾ?"

"ಸುಸ್ತಾಗಿದ್ದು ನಿನ್ನ ತಲೆಗೆ. ಒಂದು ಚೌಕ ಅಂದ್ರೆ ನಾಲ್ಕು ಪುಸ್ತಕ. ಮೇಲೆ ಬರೆದಿದ್ದೀನಿ ನೋಡು."

ಅವಳ ಕಷ್ಟ ಏನೆಂದು ಆಮೇಲೆ ವಿವರಿಸಿದಳು. ಮೂರನೆಯ ತರಗತಿಯ ಪುಸ್ತಕದಲ್ಲಿರುವ ಚಿತ್ರನಕ್ಷೆಯಲ್ಲಿ ಒಂದು ಚಿತ್ರಕ್ಕೆ ಒಂದೇ ವಸ್ತು. ಮಕ್ಕಳು ಬೆರಳಿಟ್ಟು ಎಣಿಸಿ ಮುಗಿಸುತ್ತಾರೆ. ನಾಲ್ಕನೆಯ ತರಗತಿಗೆ ಕಾಲಿಟ್ಟ ಕೂಡಲೇ ಒಂದು ಚಿತ್ರಕ್ಕೆ ಹತ್ತು, ಒಂದು ಚಿತ್ರಕ್ಕೆ ನೂರು ಎಂದು ಪುಸ್ತಕ ಹೇಳುತ್ತದೆ. ಈಜು ಕಲಿಸದೆ ಬಾವಿಗೆ ತಳ್ಳಿದ ಹಾಗೆ. ಮೂರು ವರ್ಷದಿಂದ ಪಠ್ಯಪುಸ್ತಕ ಸಮಿತಿಗೆ ಕಾಗದ ಬರೆದೂ ಬರೆದೂ, ಕಡೆಗೆ ಅವರು ಒಪ್ಪಿದ್ದರು. ಒಂದು ಪುಟ ತಯಾರು ಮಾಡಿ, ಮಕ್ಕಳ ಮುಂದೆ ಇಡಿ, ಟೀಚರು ಬಾಯಿ ಬಿಡದೆ ಹತ್ತರಲ್ಲಿ ಎಂಟು ಮಕ್ಕಳು ತಾವಾಗಿ ಓದಿದರೆ ಪುಟ ಪುಸ್ತಕಕ್ಕೆ ಸೇರುತ್ತದೆ. ಇಲ್ಲದಿದ್ದರೆ ಹಳೆಯ ಪುಟವೇ. ಪುಸ್ತಕ ಮತ್ತೆ ಬದಲಾಗುವುದು ಆರು ವರ್ಷಕ್ಕೆ.

"ಆರು ವರ್ಷಕ್ಕೆ ನಾನೆಲ್ಲಿರ್ತೀನೋ?" ಎಂದಳು ಅಕ್ಕ. "ನಿವೃತ್ತಿಯಾಗಿ ಮನೇಲಿ ಬೆಂಕಿಪೊಟ್ಟಣ ಎಣಿಸ್ತಿರ್ತೀನಿ."

"ನಾಲ್ಕೇ ಯಾಕೆ? ಐದು ಅನ್ನು, ಹತ್ತು ಅನ್ನು, ದೊಡ್ಡದಾಗಿ ಇರಲಿ."

"ಹತ್ತು ಅಂದ್ರೆ ಮಂಗಳವಾರದ ಹನ್ನೆರಡನ್ನ ಹೇಗೆ ತೋರಿಸ್ತೀಯಾ? ಒಂದು ಪುಸ್ತಕ, ಆಮೇಲೆ ಇನ್ನೊಂದರ ಐದನೇ ಒಂದು ಚೂರಾ? ಐದು ಅಂದ್ರೆ ಅರ್ಧ ಚಿತ್ರ ಎರಡೂವರೆ ಪುಸ್ತಕ ಆಗುತ್ತೆ. ಎರಡೂವರೆ ಪುಸ್ತಕ ಯಾರಾದರೂ ಒಯ್ತಾರಾ? ನಾಲ್ಕಾದ್ರೆ ಅರ್ಧಕ್ಕೆ ಎರಡು. ಶುಕ್ರವಾರ ನೋಡು, ಎರಡು ಚೌಕ, ಒಂದು ಅರ್ಧ. ಎಂಟೂ ಎರಡೂ ಹತ್ತು. ನಾಲ್ಕರ ಮಗ್ಗಿ ಮಕ್ಕಳಿಗೆ ಬಾಯಲ್ಲೇ ಇದೆ."

ಲೆಕ್ಕ ನನಗೆ ಅರ್ಥವಾಯಿತು. ಚಿತ್ರ ಮಾತ್ರ ಮನಸ್ಸಿಗೆ ಬರಲಿಲ್ಲ. "ಇದೇನಕ್ಕ, ಇಟ್ಟಿಗೆ ಜೋಡಿಸಿದ ಹಾಗಿದೆ! ಪುಸ್ತಕ ಅಂದ್ರೆ ಪುಸ್ತಕದ ಹಾಗೆ ಇರಬೇಡ್ವಾ? ನನಗೆ ಬಿಡು."

"ಚೆನ್ನಾಗಿ ಬಿಡಿಸು, ಆದ್ರೆ ನನ್ನ ಹಾಳೆ ಬಿಟ್ಟು ಆಚೆ ಹೋಗಬೇಡ," ಎಂದು ಹೇಳಿ ಹೋದಳು. ಮೇಕೆಯನ್ನು ಎಲೆಯ ಕಾವಲಿಗೆ ಇಟ್ಟು ಹೋದ ಹಾಗೆ.

ಎಂಟು ದಿನ ಕೂತು ಬರೆದೆ. ಹದಿನೇಳು ಚಿತ್ರ, ಒಂದರಂತೆ ಇನ್ನೊಂದಿಲ್ಲ. ಒಂದು ದಪ್ಪ ನಿಘಂಟು, ಒಂದು ತೆಳು ಕಥೆ ಪುಸ್ತಕ, ಒಂದು ಮೂಲೆ ಮಡಚಿದ್ದು, ಒಂದಕ್ಕೆ ಇಲಿ ಕಚ್ಚಿದ ಗುರುತು. ಆ ಇಲಿ ಗುರುತಿಗೇ ಅರ್ಧ ದಿನ ಹಿಡಿಯಿತು. ಸೋಮವಾರದ ಐದು ಪುಸ್ತಕ ಸಾಲು ತುಂಬಿದವು. ಬುಧವಾರಕ್ಕೆ ಬಂದರೆ ಎರಡೇ ಪುಸ್ತಕ, ಮುಂದೆ ಬಟಾಬಯಲು. ಗುರುಗಳ ಮಾತು ನೆನಪಾಯಿತು. ಎರಡನ್ನೂ ಉಬ್ಬಿಸಿ, ನಡುವೆ ಜಾಗ ಅಗಲಿಸಿ, ಜಗಳವಾಡಿದ ಗಂಡ ಹೆಂಡತಿಯಂತೆ ಒಂದನ್ನು ಈ ಅಂಚಿಗೆ, ಒಂದನ್ನು ಆ ಅಂಚಿಗೆ ಕೂರಿಸಿದೆ. ಐದು ಸಾಲೂ ಎಡದಿಂದ ಬಲಕ್ಕೆ ನೂಲು ಹಿಡಿದ ಹಾಗೆ ಮುಟ್ಟಿದವು. ಶುಕ್ರವಾರಕ್ಕೆ ತೆರೆದ ಪುಸ್ತಕ ಬರೆದೆ. ಮೂರನೆಯದು ಅರ್ಧ ಬೇಕಲ್ಲ, ತೆರೆದ ಪುಸ್ತಕದ ಒಂದು ಪಕ್ಕ ಮಾತ್ರ ಬಿಡಿಸಿದೆ. 'ಒಂದು ಪುಸ್ತಕ = ನಾಲ್ಕು ಪುಸ್ತಕ' ಎಂಬ ಅಕ್ಕನ ಸಾಲನ್ನು, ಚಿತ್ರಕಾರರು ತಮ್ಮ ಹೆಸರು ಬರೆದುಕೊಳ್ಳುವ ಜಾಗದಲ್ಲಿ, ಬಲಗಡೆ ಕೆಳಮೂಲೆಯಲ್ಲಿ, ಬಳ್ಳಿ ಸುತ್ತಿ ಸಣ್ಣದಾಗಿ ಬರೆದೆ.

ಪರೀಕ್ಷೆಯ ಹಿಂದಿನ ಸಂಜೆ ನನ್ನ ಹೆಂಡತಿ ಹೊಲಿಗೆ ಯಂತ್ರದಿಂದ ಎದ್ದು ಬಂದು ನೋಡಿದಳು. ಅವಳು ಬೀದಿಗೆಲ್ಲ ಬಟ್ಟೆ ಹೊಲಿಯುವವಳು. ಸೂಜಿಯಂಥ ಕಣ್ಣು.

"ರೀ, ಐದು ದಿನವೂ ಒಂದೇ ಸಮ ಪುಸ್ತಕ ಹೋಗಿದ್ರೆ, ಅದನ್ನ ಇಷ್ಟು ಕಷ್ಟಪಟ್ಟು ಯಾಕೆ ಬರೀಬೇಕು?"

"ಒಂದೇ ಸಮ ಎಲ್ಲಿದೆ? ಎಣಿಸಿ ನೋಡು."

"ಎಣಿಸೋದಾದ್ರೆ ಅಂಕಿ ಬರೆದ್ರೆ ಸಾಕಿತ್ತಲ್ಲ. ಚಿತ್ರ ಇರೋದು ಕಣ್ಣಾಡಿಸೋಕೆ ಅಲ್ವಾ?"

ಇವಳಿಗೆ ಕಲೆಯ ಗಂಧವಿಲ್ಲ ಎಂದುಕೊಂಡೆ. ಹಾಳೆ ಸುತ್ತಿಟ್ಟೆ. ಅಕ್ಕನಿಗೂ ಮೊದಲೇ ತೋರಿಸಲಿಲ್ಲ. ತರಗತಿಯಲ್ಲೇ ಬಿಚ್ಚಿ ಬೆರಗು ಮಾಡೋಣ ಎಂದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ನೀವು ನೋಡಿರಬಹುದು. ನಾನು ಮೂರು ಕಾಲಿನ ಮೊಲವನ್ನು ಬಣ್ಣ ಬಳಿದು ಮೆರವಣಿಗೆ ಹೊರಡಿಸಿದವನು.

ಬೆರಗಂತೂ ಆಯಿತು. ಅಕ್ಕನ ತರಗತಿಯಲ್ಲಿ ಮೂವತ್ತು ಮಕ್ಕಳು. ಸಮಿತಿಯಿಂದ ಬಂದ ಮೇಡಂ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ತೊಡೆಯ ಮೇಲೆ ಕಂದು ಚೀಲ. ನಾನು ಹಾಳೆ ಬಿಚ್ಚಿ ಕಪ್ಪುಹಲಗೆಗೆ ತೂಗುಹಾಕಿದೆ. ಮಕ್ಕಳು "ಅಯ್!" ಎಂದರು. ನನ್ನ ಎದೆ ಉಬ್ಬಿತು. ಅಕ್ಕನ ಮುಖ ನೋಡಿದೆ. ಅವಳು ಹಾಲು ಉಕ್ಕುವುದನ್ನು ದೂರದಿಂದ ನೋಡಿದವಳ ಹಾಗೆ ನಿಂತಿದ್ದಳು. ಮೇಡಂ ಎದುರು ಬಾಯಿ ಬಿಡುವಂತಿರಲಿಲ್ಲ.

ಮಕ್ಕಳಿಗೆ ಪ್ರಶ್ನೆಯ ಚೀಟಿ ಕೊಟ್ಟರು. ಬರೆದಾದ ಮೇಲೆ ಮೇಡಂ ಕೆಲವರನ್ನು ಬಾಯಲ್ಲಿ ಕೇಳಿದರು.

"ಸೋಮವಾರ ಎಷ್ಟು ಪುಸ್ತಕ ಹೋಯ್ತು ಪುಟ್ಟಾ?"

"ಐದು ಮಿಸ್."

"ಯಾವ ದಿನ ಜಾಸ್ತಿ?"

"ಎಲ್ಲಾ ದಿನ ಸೇಮ್ ಮಿಸ್. ಎಲ್ಲಾ ಕೊನೇ ತನಕ ಬಂದಿದೆ."

"ಅಲ್ಲ ಮಿಸ್, ಬುಧವಾರ ಜಾಸ್ತಿ," ಎಂದ ಇನ್ನೊಬ್ಬ. "ಬುಧವಾರದ್ದು ದಪ್ಪ ದಪ್ಪ ಪುಸ್ತಕ."

"ಶುಕ್ರವಾರ?"

"ಮೂರು. ಎರಡು ತೆರೆದಿದೆ, ಒಂದು ಮುಚ್ಚಿದೆ."

ತೆರೆದ ಪುಸ್ತಕವನ್ನು ಅರ್ಧ ಮಾಡಿದರೆ ಮುಚ್ಚಿದ ಪುಸ್ತಕವಾಗುತ್ತದೆ ಎಂದು ಐವತ್ತೆರಡು ವರ್ಷದ ನನಗೆ ಗೊತ್ತಿರಲಿಲ್ಲ, ಎಂಟು ವರ್ಷದವರಿಗೆ ಗೊತ್ತಿತ್ತು. ಒಬ್ಬಳು ಕೈ ಎತ್ತಿ, "ಮಿಸ್, ಇಲಿ ತಿಂದಿದ್ದನ್ನೂ ಎಣಿಸಬೇಕಾ?" ಎಂದು ಕೇಳಿದಳು. ಮೂಲೆಯ ಬಳ್ಳಿಯೊಳಗಿನ ಸಾಲನ್ನು ಓದಿದವರು ಮೂವತ್ತರಲ್ಲಿ ನಾಲ್ವರು. ಆ ನಾಲ್ವರೂ ಮುಂದಿನ ಬೆಂಚಿನವರು.

ಮೇಡಂ ಒಳ್ಳೆಯವರು. "ಟೀಚರ್, ನಿಮ್ಮ ವಿಚಾರ ಸರಿಯಿದೆ ಅಂತ ನನಗೂ ಅನಿಸುತ್ತೆ. ಆದ್ರೆ ನನ್ನ ಅನಿಸಿಕೆ ಅಚ್ಚಾಗಲ್ಲ. ಮುಂದಿನ ಗುರುವಾರ ಆಚೆ ಬೀದಿ ಶಾಲೇಲಿ ಇನ್ನೊಂದು ಸಲ ನೋಡೋಣ. ಅದೇ ಕೊನೇದು," ಎಂದು ಹೇಳಿ ಹೋದರು.

ಅಕ್ಕ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಬಸ್ ನಿಲ್ದಾಣದವರೆಗೂ ನನ್ನ ಜೊತೆಯೇ ನಡೆದಳು. ಬಸ್ಸು ಹತ್ತುವಾಗ ಮಾತ್ರ ತಿರುಗಿ, "ಇಲಿ ಚೆನ್ನಾಗಿ ಬಂದಿತ್ತು ಕಣೋ," ಎಂದಳು. ಆ ಮಾತು ನನಗೆ ಆ ಇಲಿಗಿಂತ ಚೆನ್ನಾಗಿ ಕಚ್ಚಿತು.

ಮನೆಗೆ ಬಂದು ಮೂಲೆಯಲ್ಲಿ ಕೂತೆ. ಹೆಂಡತಿ ಏನಾಯಿತೆಂದು ಕೇಳಲಿಲ್ಲ. ಮುಖದ ಮೇಲೆ ಬೋರ್ಡು ಬರೆದಿತ್ತು. ಅವಳು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಮುಂದೆ ಗುಂಡಿ ಹೊಲಿದ ರಟ್ಟುಗಳ ರಾಶಿ.

"ಎಷ್ಟು ಗುಂಡಿ ಇದೆ?" ಎಂದು ಸುಮ್ಮನೆ ಕೇಳಿದೆ.

"ಮೂವತ್ತು."

"ಎಣಿಸಲೇ ಇಲ್ಲ!"

"ಗುಂಡಿ ಯಾಕೆ ಎಣಿಸ್ಲಿ? ರಟ್ಟು ಎಣಿಸ್ದೆ. ರಟ್ಟಿಗೆ ಹನ್ನೆರಡು. ಎರಡು ರಟ್ಟು ಪೂರ್ತಿ, ಒಂದು ಅರ್ಧ." ಆಮೇಲೆ ತಲೆ ಎತ್ತದೆಯೇ, "ಎಲ್ಲಾ ರಟ್ಟೂ ಒಂದೇ ಅಳತೆ ಇರೋದಕ್ಕೆ ನಾನು ಬದುಕಿದೆ. ನೀವು ರಟ್ಟು ಮಾಡಿದ್ರೆ ಒಂದರಲ್ಲಿ ಏಳು, ಒಂದರಲ್ಲಿ ಹತ್ತೊಂಬತ್ತು, ಒಂದರಲ್ಲಿ ಇಲಿ," ಎಂದಳು.

ನನಗೆ ಥಟ್ಟನೆ ಬೆಳಕಾಯಿತು. ಅಂದರೆ, ಅರ್ಧ ಬೆಳಕಾಯಿತು. ನಾಲ್ಕು ಪುಸ್ತಕವನ್ನು ದಾರದಿಂದ ಕಟ್ಟಿದ ಒಂದು ಕಟ್ಟನ್ನು ಬರೆದು, ನಾಲ್ಕರ ಬೆನ್ನೂ ಕಾಣುವ ಹಾಗೆ ಬಿಡಿಸಿ, ಮರುದಿನ ಅಕ್ಕನ ಮನೆಗೆ ಓಡಿದೆ. "ನೋಡು! ಈಗ ಒಂದಕ್ಕೆ ನಾಲ್ಕು ಅನ್ನೋದನ್ನ ಯಾರೂ ಮರೆಯೋ ಹಾಗಿಲ್ಲ. ಕಣ್ಣಿಗೇ ಕಾಣುತ್ತೆ."

ಅಕ್ಕ ಹಾಳೆ ನೋಡಿ, ನನ್ನ ನೋಡಿ, ನಿಟ್ಟುಸಿರಿಟ್ಟಳು. "ಕಣ್ಣಿಗೆ ಕಂಡ್ರೆ ಏನ್ ಮಾಡ್ತಾರೆ? ಬೆರಳಿಟ್ಟು ಇಪ್ಪತ್ತನ್ನೂ ಎಣಿಸ್ತಾರೆ. ಮತ್ತೆ ಹಳೇ ಪುಟವೇ ಆಯ್ತಲ್ಲೋ. ನಾಳೆ ಪೇಪರಿನಲ್ಲಿ ಒಂದು ಮನುಷ್ಯನ ಚಿತ್ರಕ್ಕೆ ಸಾವಿರ ಜನ ಅಂತ ಇರುತ್ತೆ. ಆಗ ಸಾವಿರ ತಲೆ ಬರೆದು ಕೊಡ್ತೀಯಾ? ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತಾರಲ್ಲ, ಹಾಗೆ. ಒಂದೇ ಕಾಣಬೇಕು, ನಾಲ್ಕು ಅಂತ ಮನಸ್ಸಲ್ಲಿ ಇಟ್ಕೋಬೇಕು. ಅದನ್ನೇ ಕಲಿಸೋದು."

"ಹಾಗಾದ್ರೆ ನಿನ್ನ ಇಟ್ಟಿಗೆಯೇ ಸರಿ ಅಂತೀಯಾ?"

"ಹೂಂ. ಇಟ್ಟಿಗೆ ಸರಿ. ಆದ್ರೆ ನನ್ನ ಇಟ್ಟಿಗೇಲೂ ಒಂದು ತಪ್ಪಿದೆ. ಚೌಕ ಅರ್ಧ ಮಾಡಿದ್ರೆ ಸಣ್ಣ ಪುಸ್ತಕದ ಹಾಗೆ ಕಾಣುತ್ತೆ, ಅರ್ಧ ಅನ್ಸಲ್ಲ. ಅದೊಂದು ನನಗೆ ಹೊಳೀತಿಲ್ಲ."

ಅವಳಿಗೂ ಹೊಳೆಯದ ಒಂದಿದೆ ಎಂದು ಕೇಳಿ ಸ್ವಲ್ಪ ಸಮಾಧಾನವಾಯಿತು. ಅಂಥ ಸಣ್ಣ ಮನಸ್ಸು ನನ್ನದು. ಯೋಚಿಸುತ್ತಾ ಮನೆಗೆ ಬಂದೆ. ಬಾಗಿಲಲ್ಲಿ ಕಾಲಿಗೇನೋ ಚುಚ್ಚಿತು. ಬಗ್ಗಿ ತೆಗೆದರೆ ಹೆಂಡತಿಯ ಗುಂಡಿ, ಮುರಿದು ಎರಡಾದದ್ದರ ಒಂದು ಹೋಳು. ಕೈಯಲ್ಲಿ ಹಿಡಿದು ಅಲ್ಲೇ ನಿಂತೆ. ಗುಂಡಗಿನದು ಅರ್ಧವಾದರೆ ಅರ್ಧ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಉಳಿದರ್ಧ ಎಲ್ಲಿ ಹೋಯಿತೆಂದು ಕಣ್ಣು ತಾನೇ ಹುಡುಕುತ್ತದೆ.

"ರೀ, ಬಾಗಿಲಲ್ಲಿ ನಿಂತು ಗುಂಡಿ ಜೊತೆ ಮಾತಾಡ್ತಿದ್ದೀರಾ?"

"ನಿನ್ನ ಗುಂಡಿಗೆ ಕಲೆಯ ಗಂಧ ಇದೆ ಕಣೇ," ಎಂದೆ.

ಪುಸ್ತಕ ಮುಚ್ಚಿದ್ದೇ ಇರಲಿ, ಇಟ್ಟಿಗೆಯ ಹಾಗೆ ಇರಲಿ; ಹೊದಿಕೆಯ ನಟ್ಟನಡುವೆ ಗುಂಡಿಯ ಹಾಗೆ ದುಂಡಗಿನ ಒಂದು ದೊಡ್ಡ ಹಳದಿ ಬಟ್ಟು. ಅರ್ಧ ಕತ್ತರಿಸಿದರೆ ಅರ್ಧ ಬಟ್ಟು ಕಾಣುತ್ತದೆ; ಕತ್ತರಿಸಿ ಹೋದ ಪಕ್ಕಕ್ಕೆ ಚುಕ್ಕಿಗೆರೆ ಎಳೆದರೆ ಅನುಮಾನವೇ ಇಲ್ಲ. ಹದಿನಾರು ಪೂರ್ತಿ, ಒಂದು ಅರ್ಧ, ಎಲ್ಲ ಒಂದೇ ಅಳತೆ, ಒಂದೇ ಬಣ್ಣ. ಕೈಯಲ್ಲಿ ಬರೆಯಲು ಕೂತೆ. ಮೂರನೆಯದಕ್ಕೆ ಕೈ ಸುಮ್ಮನಿರಲಿಲ್ಲ, ಮೂಲೆ ಸ್ವಲ್ಪ ಮಡಚಿತು. ಅಳಿಸಿದೆ. ಆರನೆಯದು ತಾನಾಗಿ ದಪ್ಪವಾಯಿತು. ಮೂವತ್ತು ವರ್ಷ ಸಾಕಿದ ನಾಯಿ ಹೇಳಿದ ಮಾತು ಕೇಳದೆ ಬೀದಿಗೆ ಓಡಿದ ಹಾಗೆ.

ಕಡೆಗೆ ಬಾಗಿಲು ಹಾಕಿಕೊಂಡೆ. ಹೆಂಡತಿಯ ಖಾಲಿ ಗುಂಡಿರಟ್ಟೊಂದನ್ನು ತೆಗೆದುಕೊಂಡೆ. ಅದರಲ್ಲಿ ಪುಸ್ತಕದ ಆಕಾರ ಕೊರೆದೆ. ಹೌದು, ಸ್ಟೆನ್ಸಿಲ್. ಆಕಾಶ ಕಳಚಿ ಬೀಳಲಿಲ್ಲ. ಗುರುಗಳು ಕನಸಿನಲ್ಲಿ ಬಂದು ಕಪಾಳಕ್ಕೆ ಹೊಡೆಯಲೂ ಇಲ್ಲ. ಎಡಗಡೆ ಒಂದು ನೇರ ಗೆರೆ ಎಳೆದು, ಐದು ಸಾಲನ್ನೂ ಅಲ್ಲಿಂದಲೇ ಶುರುಮಾಡಿದೆ. ಒಂದರ ಕೆಳಗೆ ಒಂದು, ಎರಡನೆಯದರ ಕೆಳಗೆ ಎರಡನೆಯದು, ನಡುವಿನ ಜಾಗ ಎಲ್ಲೆಡೆ ಒಂದು ಬೆರಳು. ಶುಕ್ರವಾರದ ಕೊನೆಗೆ ಸ್ಟೆನ್ಸಿಲಿನ ಅರ್ಧ ಮುಚ್ಚಿ ಬಣ್ಣ ಒತ್ತಿದೆ. ಬುಧವಾರ ಎರಡು ಪುಸ್ತಕಕ್ಕೇ ನಿಂತುಹೋಯಿತು. ಮುಂದಿನ ಬಿಳಿ ಜಾಗ ನನ್ನನ್ನು ನೋಡಿ ಹಲ್ಲು ಕಿರಿಯಿತು. ಕೈ ಕಟ್ಟಿಕೊಂಡು ಕೂತೆ. 'ಒಂದು ಪುಸ್ತಕ = ನಾಲ್ಕು ಪುಸ್ತಕ' ಎಂಬುದನ್ನು, ಸಾಲುಗಳು ಶುರುವಾಗುವ ಮೊದಲೇ, ಹಾಳೆಯ ತಲೆಯ ಮೇಲೆ, ಔಷಧಿ ಅಂಗಡಿಯ ಬೋರ್ಡಿನಷ್ಟು ದಪ್ಪಕ್ಷರದಲ್ಲಿ ಬರೆದೆ. ಅಷ್ಟಾದರೂ ನನ್ನ ಕಸುಬು ಕೆಲಸಕ್ಕೆ ಬಂತಲ್ಲ.

ಈ ಸಲ ಅಕ್ಕನಿಗೆ ಮೊದಲೇ ತೋರಿಸಿದೆ. ನೋಡಿದಳು. ನನ್ನ ತಲೆ ಸವರಿದಳು. ಆಮೇಲೆ ಹಾಳೆಯನ್ನು ತಿರುಗಿಸಿ ಹಿಂಭಾಗವನ್ನೂ ನೋಡಿದಳು.

"ಏನು ಹುಡುಕ್ತಿದ್ದೀಯಾ?"

"ಇಲಿ ಎಲ್ಲಾದರೂ ಬಚ್ಚಿಟ್ಕೊಂಡಿದೆಯಾ ಅಂತ."

ಗುರುವಾರ ಆಚೆ ಬೀದಿಯ ಶಾಲೆ. ಮೂವತ್ತು ಮಕ್ಕಳು, ಯಾರೂ ಅಕ್ಕನನ್ನು ಕಂಡವರಲ್ಲ. ಅಕ್ಕ ಮತ್ತು ನಾನು ಹಿಂದಿನ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತೆವು. ಉಸಿರು ಬಿಟ್ಟರೂ ಹೊರಗೆ ಕಳಿಸುತ್ತೇನೆ ಎಂದಿದ್ದರು ಮೇಡಂ. ಹಾಳೆ ತೂಗುಹಾಕಿದಾಗ ಈ ಮಕ್ಕಳು "ಅಯ್" ಅನ್ನಲಿಲ್ಲ. ಸುಮ್ಮನೆ ನೋಡಿದರು. ನನಗೆ ಒಳಗೊಳಗೇ ಸ್ವಲ್ಪ ನೋವಾಯಿತು.

ಮೇಡಂ ಚೀಟಿ ಹಂಚಿದರು. ನಮ್ಮ ಮುಂದಿನ ಬೆಂಚಿನ ಹುಡುಗಿ, ಎರಡು ಜಡೆಯವಳು, ಸೋಮವಾರದ ಮುಂದೆ ದೊಡ್ಡದಾಗಿ '5' ಎಂದು ಬರೆದಳು. ಅಕ್ಕ ನನ್ನ ತೋಳು ಹಿಡಿದಳು. ಉಗುರು ಇಳಿಯಿತು. ಅವಳ ಮೂರು ವರ್ಷ, ಅವಳ ಕಾಗದಗಳು, ಎಲ್ಲ ಆ ಪುಟ್ಟ ಹುಡುಗಿಯ ಪೆನ್ಸಿಲಿನ ತುದಿಯಲ್ಲಿ ನಿಂತಿದ್ದವು. ಹುಡುಗಿ ಪೆನ್ಸಿಲು ಕಚ್ಚಿದಳು. ಎರಡನೆಯ ಪ್ರಶ್ನೆಗೆಂದು ತಲೆ ಎತ್ತಿದಾಗ ಕಣ್ಣು ಮೇಲಿನ ದಪ್ಪಕ್ಷರಕ್ಕೆ ಎಡವಿತು. ಬಾಯಿ ಪಿಟಿಪಿಟಿ ಅಂದಿತು. ಅಳಿಸುವ ರಬ್ಬರು ತೆಗೆದಳು. ಐದನ್ನು ಅಳಿಸಿ, ಗಾಳಿಯಲ್ಲಿ ಬೆರಳಾಡಿಸುತ್ತಾ ನಾಲ್ಕು, ಎಂಟು, ಹನ್ನೆರಡು, ಹದಿನಾರು, ಇಪ್ಪತ್ತು ಎಂದು ಗೊಣಗಿ, '20' ಬರೆದಳು.

ಅಕ್ಕ ಉಗುರು ತೆಗೆಯಲಿಲ್ಲ. ಶುಕ್ರವಾರ ಇನ್ನೂ ಬಾಕಿಯಿತ್ತು.

ಶುಕ್ರವಾರಕ್ಕೆ ಬಂದು ಹುಡುಗಿ ನಿಂತಳು. ಕತ್ತು ಓರೆ ಮಾಡಿ ಅರ್ಧ ಬಟ್ಟನ್ನು ನೋಡಿದಳು. ತನ್ನ ಎಡಗೈಯ ನಾಲ್ಕು ಬೆರಳು ಮುಂದೆ ಹಿಡಿದು, ಎರಡನ್ನು ಮಡಚಿದಳು. '10' ಎಂದು ಬರೆದಳು.

ಚೀಟಿಗಳನ್ನು ಮೇಡಂ ಅಲ್ಲೇ ಮೇಜಿನ ಮೇಲೆ ಎರಡು ಗುಡ್ಡೆ ಮಾಡಿದರು. ಮೂವತ್ತರಲ್ಲಿ ಇಪ್ಪತ್ತನಾಲ್ಕು ಬೇಕಿತ್ತು. ಸರಿ ಇದ್ದವು ಇಪ್ಪತ್ತಾರು. ಆಮೇಲೆ ಮೇಡಂ ಸುಮ್ಮನಿರದೆ ಮಕ್ಕಳನ್ನು ಕೇಳಿದರು: "ಶನಿವಾರ ಏಳು ಪುಸ್ತಕ ಹೋದ್ರೆ ಹೇಗೆ ಬರೀತೀರಾ?"

ಏಳು! ಎರಡು ಜಡೆಯವಳು ಎದ್ದು ಹೋಗಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಪೂರ್ತಿ ಪುಸ್ತಕ ಬರೆದಳು, ಅದರ ಪಕ್ಕ ಇನ್ನೊಂದು. ಎರಡನೆಯದನ್ನು ನಾಲ್ಕು ಭಾಗ ಮಾಡಿ ಒಂದು ಭಾಗವನ್ನು ಕೈಯಿಂದ ಒರೆಸಿದಳು. "ಇದರಲ್ಲಿ ಒಂದು ಪುಸ್ತಕ ಮನೇಲಿದೆ ಮಿಸ್," ಎಂದಳು.

ಅಕ್ಕ ಆಗ ನನ್ನ ತೋಳು ಬಿಟ್ಟಳು. ನಾಲ್ಕು ಉಗುರಿನ ಗುರುತು ಇತ್ತು. ಒಂದೊಂದಕ್ಕೆ ಎಷ್ಟು ನೋವು ಎಂದು ಕೇಳಬೇಡಿ.

ಮೇಡಂ ಹಾಳೆಯನ್ನು ಬಿಚ್ಚಿ ಸುತ್ತಿ ತಮ್ಮ ಕಂದು ಚೀಲಕ್ಕೆ ಸೇರಿಸಿದರು. "ನಲವತ್ತೇಳನೇ ಪುಟ, ಟೀಚರ್," ಎಂದರು. ಅಕ್ಕ ಕನ್ನಡಕ ಒರೆಸಿಕೊಂಡಳು. ಬಾಗಿಲ ಹತ್ತಿರ ಮೇಡಂ ನನ್ನನ್ನು ನೋಡಿದರು. "ಇದನ್ನ ಬರೆದಿದ್ದು ಇವರಾ? ಸುಲಭದ ಚಿತ್ರ, ಅಲ್ವಾ? ಯಾರು ಬೇಕಾದರೂ ಬರೀಬಹುದು."

"ಯಾರು ಬೇಕಾದರೂ ಬರೀಬಹುದು ಮೇಡಂ," ಎಂದಳು ಅಕ್ಕ. "ನಮ್ಮ ತಮ್ಮನಿಗೆ ಮಾತ್ರ ಮೂವತ್ತು ವರ್ಷ ಬೇಕಾಯ್ತು."

ಇದಾದ ಮೇಲೆ ಕನ್ನಡಕದಂಗಡಿಯವರು ಹೊಸ ಬೋರ್ಡು ಬರೆಸಿದರು. ಒಂದು ಕನ್ನಡಕ ಬರೆದು, ಅಂಗಡಿಯ ಹೆಸರು ಬರೆದು, ಉಳಿದ ಜಾಗ ಹಾಗೇ ಬಿಟ್ಟೆ. "ಅರ್ಧ ಬೋರ್ಡು ಖಾಲಿ ಇದೆಯಲ್ರೀ, ಉಳಿದಿದ್ದು ಯಾವಾಗ?" ಎಂದರು. ಕಣ್ಣಿಗೆ ಉಸಿರಾಡಲು ಜಾಗ ಬೇಕು ಎಂದೆ. ಅವರು ಒಳಗೆ ಹೋಗಿ ತಮ್ಮ ಹೆಂಡತಿಗೆ ಏನೋ ಹೇಳಿದ್ದು ಕೇಳಿಸಿತು. ಇವನಿಗೆ ಕಲೆಯ ಗಂಧವೇ ಇಲ್ಲ ಅಂದಿರಬೇಕು.